ಕಿವಿಯನ್ನು ನಂಬಿ ಕಳೆದುಕೊಂಡ ಅಂಕಗಳು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿದ ಈ ಯುವತಿ ಬ್ಯಾಂಕ್ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಎರಡು ಬಾರಿ ಕುಳಿತಿದ್ದರು, ಇಂಗ್ಲಿಷ್ ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಂಡಿದ್ದರು. “ವ್ಯಾಕರಣದ ಪುಸ್ತಕ ಪೂರ್ತಿ ಓದಿದ್ದೇನೆ ಸರ್, ವಾಕ್ಯದಲ್ಲಿ ತಪ್ಪು ಮಾತ್ರ ಕಣ್ಣಿಗೆ ಬೀಳುವುದಿಲ್ಲ” ಎಂದರು.

ಅಭ್ಯಾಸ ಪರೀಕ್ಷೆಯಲ್ಲಿ ತಪ್ಪಿದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ, ಆ ಉತ್ತರವನ್ನು ಏಕೆ ಆರಿಸಿದಿರಿ ಎಂದು ಬರೆದು ತರಲು ಹೇಳಿದೆ. ಬಹುಪಾಲು ಕಡೆ ಇದ್ದದ್ದು ಒಂದೇ ಕಾರಣ: “ಓದಿದಾಗ ಸರಿಯೆನಿಸಿತು.” ರೋಗ ಅಲ್ಲೇ ಇತ್ತು.

ಅವರು ಸರಿಯೆಂದು ಬಿಟ್ಟಿದ್ದ ಒಂದು ವಾಕ್ಯ: “ದ ಕ್ವಾಲಿಟಿ ಆಫ್ ಲೋನ್ಸ್ ಗಿವನ್ ಟು ಸ್ಮಾಲ್ ಟ್ರೇಡರ್ಸ್ ಹ್ಯಾವ್ ಇಂಪ್ರೂವ್ಡ್.” ‘ಟ್ರೇಡರ್ಸ್ ಹ್ಯಾವ್’ ಎಂಬ ಜೋಡಿ ಕಿವಿಗೆ ಹಿತವಾಗಿದೆ, ಪ್ರಶ್ನೆ ತೆಗೆದವರಿಗೆ ಬೇಕಾದದ್ದೂ ಅದೇ. ಇದನ್ನು ಕನ್ನಡದಲ್ಲಿ ಹೇಳಿ ಎಂದೆ. “ಸಣ್ಣ ವ್ಯಾಪಾರಿಗಳಿಗೆ ನೀಡಿದ ಸಾಲಗಳ ಗುಣಮಟ್ಟ ಸುಧಾರಿಸಿದೆ.” ಈ ಕನ್ನಡ ವಾಕ್ಯದಲ್ಲಿ ವಿಶೇಷಣಗಳೆಲ್ಲ ಮುಂದೆ ಬಂದುಹೋಗಿ, ಕರ್ತೃಪದ ಕ್ರಿಯಾಪದಕ್ಕೆ ತಾಗಿ ನಿಲ್ಲುತ್ತದೆ. ಸುಧಾರಿಸಿದ್ದು ಗುಣಮಟ್ಟ, ಅದು ಏಕವಚನ, ಆದ್ದರಿಂದ ‘ಹ್ಯಾಸ್’. ಅವರ ಮುಖ ಅರಳಿತು.

ಆದರೆ ಕನ್ನಡವೇ ಕೈಕೊಡುವ ಜಾಗಗಳೂ ಇವೆ, ಅದನ್ನು ಮುಚ್ಚಿಡಬಾರದು. ‘ಸಮಸ್ಯೆಯ ಬಗ್ಗೆ ಚರ್ಚಿಸಿದರು’ ಎನ್ನುವ ಅಭ್ಯಾಸದಿಂದ ‘ಡಿಸ್ಕಸ್ಡ್ ಅಬೌಟ್’ ನಮಗೆ ತಪ್ಪೆನಿಸುವುದಿಲ್ಲ. ಇಂಗ್ಲಿಷಿನಲ್ಲಿ ಆ ‘ಅಬೌಟ್’ ಹೆಚ್ಚುವರಿ. ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ’ ಎಂಬುದು ‘ಈಸ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್’ ಆಗಿ ಸರಾಗವಾಗಿ ಕೇಳುತ್ತದೆ. ಸರಿಯಾದದ್ದು ‘ಹ್ಯಾಸ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್’. ಇಂಥವನ್ನು ಪ್ರತ್ಯೇಕ ಪುಟದಲ್ಲಿ ಬರೆದಿಟ್ಟುಕೊಳ್ಳಲು ಹೇಳಿದೆ.

ನಾನು ಕೊಟ್ಟ ಕ್ರಮ ಇಷ್ಟು. ಮೊದಲು ಕ್ರಿಯಾಪದ ಹುಡುಕಿ, ‘ಯಾವುದು?’ ಅಥವಾ ‘ಯಾರು?’ ಎಂದು ಕೇಳಿ ಅದರ ಕರ್ತೃವನ್ನು ಹಿಡಿಯಿರಿ. ನಡುವಿನ ‘ಆಫ್’, ‘ಅಲಾಂಗ್ ವಿತ್’ ತುಂಡುಗಳನ್ನು ಬೆರಳಿನಿಂದ ಮುಚ್ಚಿ. ಬಳಿಕ ಕ್ರಿಯಾಪದದ ಕಾಲ, ಕೊನೆಗೆ ‘ಅಬೌಟ್’, ‘ಸಿನ್ಸ್’ನಂಥ ಉಪಸರ್ಗ ನೋಡಿ. ‘ನೈದರ್–ನಾರ್’ ಬಂದರೆ ಮಾತ್ರ ಬೆರಳು ಬೇಡ. ಅಲ್ಲಿ ಕ್ರಿಯಾಪದ ಹತ್ತಿರದ ಕರ್ತೃವನ್ನೇ ಅನುಸರಿಸುತ್ತದೆ. ಕನ್ನಡಕ್ಕೆ ತಿರುಗಿಸುವುದು ಮನೆಯ ಅಭ್ಯಾಸಕ್ಕಷ್ಟೇ, ಏಕೆಂದರೆ ಪೂರ್ವಭಾವಿ ಪರೀಕ್ಷೆಯಲ್ಲಿ 30 ಇಂಗ್ಲಿಷ್ ಪ್ರಶ್ನೆಗಳಿಗೆ ಸಿಗುವುದು 20 ನಿಮಿಷ. ಮೂರೂ ತಪಾಸಣೆ ದಾಟಿದ ವಾಕ್ಯಕ್ಕೆ ‘ತಪ್ಪಿಲ್ಲ’ ಎಂದು ಗುರುತು ಹಾಕಿ ಮುಂದೆ ಹೋಗಿ. ಅನುಮಾನಕ್ಕಾಗಿ ತಪ್ಪು ಸೃಷ್ಟಿಸಿದರೆ ಕಾಲು ಅಂಕ ಕಳೆಯುತ್ತದೆ.

ನಾಗರಿಕ ಸೇವಾ ಪರೀಕ್ಷೆಗೂ ಇದು ಸಾಕೇ ಎಂದು ಕೇಳಿದರು. ಅಲ್ಲಿನ ಮುಖ್ಯ ಪರೀಕ್ಷೆಯ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಲ್ಲಿ ವಾಕ್ಯವನ್ನು ತಿದ್ದಿ ಬರೆಯಬೇಕು. ತಪ್ಪಿದ ಪದವನ್ನಷ್ಟೇ ಬದಲಿಸಿ, ಉಳಿದದ್ದನ್ನು ಇದ್ದಂತೆಯೇ ಬರೆಯಿರಿ ಎಂದೆ. ಮೂರು ವಾರಗಳ ಬಳಿಕ ತಂದ ಹಾಳೆಗಳಲ್ಲಿ ‘ಸರಿಯೆನಿಸಿತು’ ಎಂಬ ಕಾರಣ ಎರಡೇ ಕಡೆ ಇತ್ತು. ಎರಡೂ ‘ದ’, ‘ಎ’ಗಳ ತಪ್ಪು. ಈಗ ಅವುಗಳ ಮೇಲೆ ಕೆಲಸ ನಡೆದಿದೆ.