ಚದರಡಿಗೆ 5 ರೂಪಾಯಿಯ ಕಲಂ ಒಂದನ್ನೇ ಓದಿ ಸಹಿ ಹಾಕಬೇಡಿ

"ಥಣಿಸಂದ್ರದ ಹತ್ತಿರ ಫ್ಲ್ಯಾಟ್ ಬುಕ್ ಮಾಡಿದ್ದೆ. ಪೊಸೆಷನ್ ಒಂದೂವರೆ ವರ್ಷ ತಡ ಆಗಿದೆ. ಅಗ್ರಿಮೆಂಟ್‌ನಲ್ಲಿ ಚದರಡಿಗೆ ತಿಂಗಳಿಗೆ 5 ರೂಪಾಯಿ ಪರಿಹಾರ ಅಂತಿದೆ, ಅಷ್ಟೇ ಕೊಡ್ತೀವಿ, ಸಹಿ ಹಾಕಿ ಕೀ ತಗೊಳ್ಳಿ ಅಂತಿದ್ದಾರೆ. ಅಗ್ರಿಮೆಂಟ್ ತೋರಿಸಿಯೇ ಹೆಚ್ಚು ಕೇಳೋಕೆ ಆಗುತ್ತಾ?"

ಆಗುತ್ತೆ. ನನಗೂ ಇದೇ 5 ರೂಪಾಯಿಯ ಕಾಗದ ಬಂದಿತ್ತು. ನಾನು ವಕೀಲನಲ್ಲ. ಆದರೆ ನನ್ನ ಅಗ್ರಿಮೆಂಟನ್ನು ಎಷ್ಟು ಸಲ ಓದಿದ್ದೇನೆಂದರೆ ಯಾವ ಕಲಂ ಯಾವ ಪುಟದಲ್ಲಿದೆ ಅಂತ ಈಗಲೂ ಹೇಳಬಲ್ಲೆ. ಬಿಲ್ಡರ್‌ಗಳ ಮೇಲಿನ ದೂರು ಕೇಳುವ ರಿಯಲ್ ಎಸ್ಟೇಟ್ ಪ್ರಾಧಿಕಾರ ರೇರಾದಲ್ಲಿ ದೂರು ಕೊಟ್ಟು ಆದೇಶ ಪಡೆದೆ. ನೀವು ಸಹಿ ಹಾಕುವ ಮೊದಲು ಇದನ್ನು ಓದಿ.

ಮೊದಲು ಸರಿಯಾದ ಕಾಗದ ಕೈಗೆತ್ತಿಕೊಳ್ಳಿ. ಬೆಂಗಳೂರಿನಲ್ಲಿ ಎಷ್ಟೋ ಬಿಲ್ಡರ್‌ಗಳು ಎರಡು ಕರಾರು ಮಾಡಿಸುತ್ತಾರೆ. ಜಾಗದ ಅವಿಭಾಜ್ಯ ಪಾಲಿಗೆ ಒಂದು ಸೇಲ್ ಅಗ್ರಿಮೆಂಟ್, ಕಟ್ಟಿಕೊಡುವುದಕ್ಕೆ ಇನ್ನೊಂದು ಕನ್‌ಸ್ಟ್ರಕ್ಷನ್ ಅಗ್ರಿಮೆಂಟ್. ಪೊಸೆಷನ್ ದಿನಾಂಕ ಸಾಮಾನ್ಯವಾಗಿ ಎರಡನೆಯದರಲ್ಲಿ ಇರುತ್ತದೆ. ಕರ್ನಾಟಕದ 2017ರ ರೇರಾ ನಿಯಮಗಳ ಜೊತೆ ಬಂದ ಮಾದರಿ ಕರಾರನ್ನೇ ಬಳಸಿದ್ದರೆ 7.1ರಲ್ಲಿ ಪೊಸೆಷನ್, 7.6ರಲ್ಲಿ ಪರಿಹಾರ ಸಿಗುತ್ತದೆ. ಬೇರೆ ನಮೂನೆಯಾದರೆ ಹುಡುಕಬೇಕು. ದಿನಾಂಕದ ಬದಲು "ಕಾಮಗಾರಿ ಆರಂಭ ಪತ್ರ ಸಿಕ್ಕಿದಂದಿನಿಂದ 36 ತಿಂಗಳು" ಅಂತ ಬರೆದಿದ್ದರೆ ಆ ಪತ್ರದ ನಕಲು ಬೇಕೇ ಬೇಕು. rera.karnataka.gov.in ನಲ್ಲಿ ನಿಮ್ಮ ಪ್ರಾಜೆಕ್ಟ್ ಪುಟ ತೆರೆದರೆ ಬಿಲ್ಡರ್ ಸಲ್ಲಿಸಿದ ಕಾಗದಗಳನ್ನು ನೋಡಬಹುದು.

ಈಗ ಮುಖ್ಯ ವಿಷಯ. 5 ರೂಪಾಯಿಯ ಕಲಂ ಒಂದೇ ಅಲ್ಲ, ಅದೇ ಅಗ್ರಿಮೆಂಟ್‌ನಲ್ಲಿ ಹಿಂದೆಯೋ ಮುಂದೆಯೋ ಇನ್ನೊಂದು ಕಲಂ ಇರುತ್ತದೆ: ನೀವು ಕಂತು ಕಟ್ಟಲು ತಡ ಮಾಡಿದರೆ ಎಷ್ಟು ಬಡ್ಡಿ ಅನ್ನುವುದು. ನನ್ನದರಲ್ಲಿ ವರ್ಷಕ್ಕೆ ಶೇ. 18 ಇತ್ತು. ಬ್ಯಾಂಕ್‌ನವರು ಸಾಲದ ಕಂತು ಬಿಡುಗಡೆ ಮಾಡಲು ತಡ ಮಾಡಿದ್ದರಿಂದ ಒಮ್ಮೆ 6 ಲಕ್ಷ ರೂಪಾಯಿಯ ಕಂತು 20 ದಿನ ತಡವಾಯಿತು. ಅದಕ್ಕೆ 5,918 ರೂಪಾಯಿ ಬಡ್ಡಿ ಹಾಕಿದರು, ಕಟ್ಟಿದೆ. ನನ್ನ ಫ್ಲ್ಯಾಟ್ 1,200 ಚದರಡಿ. ಚದರಡಿಗೆ 5 ರೂಪಾಯಿಯಂತೆ ಅವರು ನನಗೆ ಕೊಡಲು ಒಪ್ಪಿದ್ದು ತಿಂಗಳಿಗೆ 6,000. ಅಂದರೆ ಒಂದು ಕಂತನ್ನು ನಾನು ಇಪ್ಪತ್ತು ದಿನ ತಡ ಮಾಡಿದ್ದಕ್ಕೆ ಕಟ್ಟಿದಷ್ಟನ್ನೇ, ಇಡೀ ಮನೆಯನ್ನು ಅವರು ಒಂದು ತಿಂಗಳು ತಡ ಮಾಡಿದ್ದಕ್ಕೆ ಕೊಡುತ್ತಿದ್ದರು. ಈ ಎರಡು ಕಲಂಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ. ನಿಮ್ಮ ವಾದದ ಬೆನ್ನೆಲುಬು ಅದೇ.

ರೇರಾ ಕಾಯ್ದೆಯ ಸೆಕ್ಷನ್ 2ರಲ್ಲಿ ಬಡ್ಡಿಯ ವ್ಯಾಖ್ಯೆ ಇದೆ. ತಪ್ಪಿದಾಗ ಗ್ರಾಹಕನಿಂದ ಬಿಲ್ಡರ್ ವಸೂಲು ಮಾಡುವ ದರವೂ ಬಿಲ್ಡರ್ ಗ್ರಾಹಕನಿಗೆ ಕೊಡಬೇಕಾದ ದರವೂ ಒಂದೇ ಇರಬೇಕು ಎಂದು ಅದು ಹೇಳುತ್ತದೆ. ಸೆಕ್ಷನ್ 18 ಪ್ರಕಾರ ಅಗ್ರಿಮೆಂಟ್‌ನ ದಿನಾಂಕಕ್ಕೆ ಫ್ಲ್ಯಾಟ್ ಕೊಡದಿದ್ದರೆ, ನೀವು ಪ್ರಾಜೆಕ್ಟ್‌ನಲ್ಲೇ ಉಳಿಯುವವರಾದರೆ, ಪೊಸೆಷನ್ ಕೊಡುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಆ ದರ ಎಸ್‌ಬಿಐನ ಅತಿ ಹೆಚ್ಚಿನ ಎಂಸಿಎಲ್‌ಆರ್, ಅಂದರೆ ಬ್ಯಾಂಕ್ ಸಾಲಕ್ಕೆ ಹಿಡಿಯುವ ಮೂಲ ಬಡ್ಡಿ ದರ, ಅದರ ಮೇಲೆ ಶೇ. 2. ಈ ಬಡ್ಡಿ ನೀವು ಕಟ್ಟಿದ ಹಣದ ಮೇಲೆ ಬರುತ್ತದೆ, ಚದರಡಿಯ ಮೇಲಲ್ಲ.

ಇಂಥ ಏಕಪಕ್ಷೀಯ ಕರಾರುಗಳ ಬಗ್ಗೆ ಸುಪ್ರೀಂ ಕೋರ್ಟ್ ಎರಡು ತೀರ್ಪುಗಳಲ್ಲಿ ಸ್ಪಷ್ಟವಾಗಿ ಹೇಳಿದೆ. 2019ರ ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಗ್ರಾಹಕ ತಪ್ಪಿದರೆ ಶೇ. 18, ಬಿಲ್ಡರ್ ತಪ್ಪಿದರೆ ಶೇ. 9 ಅಂತಿತ್ತು. ಇಂಥ ಕಲಂಗಳು ಅನುಚಿತ ವ್ಯಾಪಾರ ಪದ್ಧತಿ ಎಂದಿತು ಕೋರ್ಟ್. ಇನ್ನೊಂದು ನಮ್ಮ ಊರಿನದೇ: ಬೇಗೂರಿನ ಡಿಎಲ್‌ಎಫ್ ಸದರ್ನ್ ಹೋಮ್ಸ್ ಪ್ರಾಜೆಕ್ಟ್, ತೀರ್ಪು 2020ರ ಆಗಸ್ಟ್ 24ರದು. ಅಲ್ಲೂ ಚದರಡಿಗೆ ತಿಂಗಳಿಗೆ 5 ರೂಪಾಯಿ ಅಂತಲೇ ಕಲಂ ಇತ್ತು. ಕೋರ್ಟ್ ಆ 5 ರೂಪಾಯಿಯನ್ನು ಉಳಿಸಿ, ಅದರ ಜೊತೆಗೆ ಕಟ್ಟಿದ ಹಣದ ಮೇಲೆ ವರ್ಷಕ್ಕೆ ಶೇ. 6 ಬಡ್ಡಿ ಕೊಡಿಸಿತು. ಅದು ಗ್ರಾಹಕ ಕಾನೂನಿನಡಿ ನಡೆದ ಪ್ರಕರಣ, ಆದ್ದರಿಂದ ದರ ಬೇರೆ. ಆದರೆ ಕರಾರಿನ ಚಿಕ್ಕ ಮೊತ್ತವೇ ಕೊನೆಯ ಮಾತು ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ನನ್ನ ಲೆಕ್ಕ ಹೇಳುತ್ತೇನೆ, ನಿಮ್ಮ ಅಂಕಿ ಹಾಕಿಕೊಳ್ಳಿ. ಪೊಸೆಷನ್ ದಿನಾಂಕ 2021ರ ಡಿಸೆಂಬರ್ 31, ಜೊತೆಗೆ ಆರು ತಿಂಗಳ ಗ್ರೇಸ್. ಗ್ರೇಸ್ ಕಲಂ ಎರಡು ಬಗೆಯದಿರುತ್ತದೆ. ಸುಮ್ಮನೆ "ಆರು ತಿಂಗಳ ಹೆಚ್ಚುವರಿ ಅವಧಿ" ಅಂದಿದ್ದರೆ ಅದನ್ನು ಬಿಟ್ಟು ಎಣಿಸುವುದೇ ಸರಿ. "ಕೈಮೀರಿದ ಕಾರಣಗಳಿದ್ದರೆ ಮಾತ್ರ" ಅಂದಿದ್ದರೆ ಕಾರಣ ತೋರಿಸುವ ಹೊಣೆ ಬಿಲ್ಡರ್‌ನದು, ಮೊದಲ ದಿನಾಂಕದಿಂದಲೇ ಕೇಳಬಹುದು. ನನ್ನದು ಮೊದಲ ಬಗೆ. ಹಾಗಾಗಿ 2022ರ ಜುಲೈ 1ರಿಂದ ಎಣಿಸಿದೆ. ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಕೊಡುವ ಪತ್ರ, ಅಂದರೆ ಒಸಿ ಬಂದು ಪೊಸೆಷನ್ ಸಿಕ್ಕಿದ್ದು 2024ರ ಫೆಬ್ರವರಿ 29ಕ್ಕೆ, ಒಟ್ಟು 20 ತಿಂಗಳು. ಜುಲೈ 1ಕ್ಕೆ ಮೊದಲೇ ನಾನು ಕಟ್ಟಿದ್ದು 60 ಲಕ್ಷ. ಎಂಸಿಎಲ್‌ಆರ್ ಆಗಾಗ ಬದಲಾಗುತ್ತದೆ, ಆದ್ದರಿಂದ ಅಂದಾಜಿಗೆ ಶೇ. 10 ಹಿಡಿಯೋಣ: ವರ್ಷಕ್ಕೆ 6 ಲಕ್ಷ, ತಿಂಗಳಿಗೆ 50,000, ಇಪ್ಪತ್ತು ತಿಂಗಳಿಗೆ 10 ಲಕ್ಷ. ಆಮೇಲೆ 2022ರ ಸೆಪ್ಟೆಂಬರ್ 1ಕ್ಕೆ ಇನ್ನೂ 5 ಲಕ್ಷ ಕಟ್ಟಿದ್ದೆ. ಅದಕ್ಕೆ ಕಟ್ಟಿದ ದಿನದಿಂದ ಮಾತ್ರ ಬಡ್ಡಿ, 18 ತಿಂಗಳಿಗೆ 75,000. ಒಟ್ಟು 10,75,000 ರೂಪಾಯಿ. ಬಿಲ್ಡರ್ ಕೊಡಲು ಒಪ್ಪಿದ್ದು 1,20,000.

ಪ್ರತಿ ಪಾವತಿಗೂ ರಸೀದಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್‌ನ ಸಾಲು ಹೊಂದಿಸಿ ಒಂದು ಪಟ್ಟಿ ಮಾಡಿ. ವಿಚಾರಣೆಯಲ್ಲಿ ಬಿಲ್ಡರ್ ಕಡೆಯವರು ಹಿಡಿಯುವುದು ಸಾಮಾನ್ಯವಾಗಿ ಈ ಪಟ್ಟಿಯ ತಪ್ಪುಗಳನ್ನೇ.

ಅವರ ಕಡೆಯಿಂದ ಬರುವ ವಾದಗಳಲ್ಲಿ ಅತ್ಯಂತ ಅಪಾಯದ್ದು ಬೇರೊಂದಿದೆ. "ರೇರಾ ಪುಟದಲ್ಲಿ ಪ್ರಾಜೆಕ್ಟ್ ಮುಗಿಸಲು 2023ರ ಡಿಸೆಂಬರ್ ಅಂತಿದೆ, ಹಾಗಾಗಿ ತಡ ಎರಡೇ ತಿಂಗಳು" ಅಂತ ನನಗೆ ಬರೆದರು. ಇಪ್ಪತ್ತು ತಿಂಗಳನ್ನು ಎರಡಕ್ಕೆ ಇಳಿಸುವ ವಾದ ಇದು, ಕೇಳಿದವರು ಹೌದಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ನಾನೂ ಒಂದು ವಾರ ಹಾಗೇ ಕೂತಿದ್ದೆ. ಆದರೆ ಸೆಕ್ಷನ್ 18 ಹೇಳುವುದು ಅಗ್ರಿಮೆಂಟ್‌ನ ದಿನಾಂಕವನ್ನು. ನೋಂದಣಿಯ ದಿನಾಂಕ ಬಿಲ್ಡರ್ ಪ್ರಾಧಿಕಾರಕ್ಕೆ ಕೊಟ್ಟ ಮಾತು, ನಿಮಗೆ ಕೊಟ್ಟದ್ದಲ್ಲ. ನೋಂದಣಿ ಅವಧಿ ಮುಂದಿದೆ ಎಂಬ ಕಾರಣಕ್ಕೆ ಗ್ರಾಹಕನ ಹಕ್ಕು ಮುಂದಕ್ಕೆ ಹೋಗುವುದಿಲ್ಲ ಎಂದು 2020ರ ನವೆಂಬರ್‌ನಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉತ್ತರದಲ್ಲಿ ಆ ಹೆಸರು ಬರೆಯಿರಿ.

ಇನ್ನು ಫೋರ್ಸ್ ಮಜೂರ್, ಅಂದರೆ ಕೈಮೀರಿದ ಕಾರಣಗಳ ನೆಪ. ಅಗ್ರಿಮೆಂಟ್‌ನಲ್ಲಿ ಮರಳಿನ ಕೊರತೆ, ಕೂಲಿಯವರ ಅಭಾವ, ಬೆಸ್ಕಾಂ ಮತ್ತು ಜಲಮಂಡಳಿ ಸಂಪರ್ಕ ತಡ ಎಲ್ಲವನ್ನೂ ಅದರಡಿ ತುಂಬಿರುತ್ತಾರೆ. ಕಾಯ್ದೆಯ ಸೆಕ್ಷನ್ 6ರಲ್ಲಿ ಇರುವುದು ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪ, ಇಂಥ ಪ್ರಕೃತಿ ವಿಕೋಪಗಳು ಮಾತ್ರ. ನೀವು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಘಟನೆ, ಯಾವ ದಿನ ಶುರುವಾಯಿತು, ಯಾವ ದಿನ ಮುಗಿಯಿತು, ಆಗ ನನಗೆ ಲಿಖಿತವಾಗಿ ತಿಳಿಸಿದ್ದೀರಾ? ನನ್ನ ಬಿಲ್ಡರ್ ಈ ಪ್ರಶ್ನೆಗೆ ಕೊನೆಯವರೆಗೂ ದಿನಾಂಕ ಕೊಡಲಿಲ್ಲ.

ಮೊದಲ ಪತ್ರ ಚಿಕ್ಕದಾಗಿರಲಿ. ನಾನು ರಿಜಿಸ್ಟರ್ಡ್ ಅಂಚೆಯಲ್ಲೂ ಇಮೇಲ್‌ನಲ್ಲೂ ಕಳಿಸಿದ್ದರ ಸಾರ ಹೀಗಿತ್ತು: "ಕಲಂ 7.1ರ ಪ್ರಕಾರ ಗ್ರೇಸ್ ಸೇರಿ 30-6-2022ಕ್ಕೆ ಪೊಸೆಷನ್ ಕೊಡಬೇಕಿತ್ತು, ಕೊಟ್ಟಿಲ್ಲ. ಕಲಂ 7.6ರಲ್ಲಿ ನನಗೆ ಚದರಡಿಗೆ 5 ರೂಪಾಯಿ, ಕಲಂ 9.3ರಲ್ಲಿ ನಿಮಗೆ ಶೇ. 18. ಇದು ಏಕಪಕ್ಷೀಯವಾಗಿದ್ದು ನಾನು ಒಪ್ಪುವುದಿಲ್ಲ. ಸೆಕ್ಷನ್ 18ರಂತೆ ಲಗತ್ತಿಸಿದ ಪಟ್ಟಿಯ ಬಡ್ಡಿಯನ್ನು 15 ದಿನದಲ್ಲಿ ಕೊಡಿ, ಇಲ್ಲವೇ ಕೊನೆಯ ಕಂತಿನಲ್ಲಿ ಹೊಂದಿಸಿ." ಕೋಪದ ಮಾತು ಒಂದೂ ಬೇಡ, ಈ ಪತ್ರ ಮುಂದೆ ದೂರಿನ ಜೊತೆ ಹೋಗುತ್ತದೆ.

ಉತ್ತರ ಬರದಿದ್ದರೆ ರೇರಾ ವೆಬ್‌ಸೈಟ್‌ನಲ್ಲಿ ಫಾರ್ಮ್ ಎನ್. ತಡದ ಬಡ್ಡಿಗೆ ಇದು ಸಾಕು. ಬಾಡಿಗೆ, ಮಾನಸಿಕ ಯಾತನೆ ಅಂತ ಬೇರೆ ಪರಿಹಾರ ಕೇಳುವುದಾದರೆ ಅದು ನ್ಯಾಯನಿರ್ಣಯ ಅಧಿಕಾರಿಯ ಮುಂದೆ, ಫಾರ್ಮ್ ಓ. ಎರಡನ್ನೂ ಒಂದರಲ್ಲೇ ತುರುಕಿ ದೂರು ಕೊಟ್ಟ ನನ್ನ ನೆರೆಯವರ ಬಾಡಿಗೆಯ ಬೇಡಿಕೆ ಪ್ರಾಧಿಕಾರದ ಮುಂದೆ ನಿಲ್ಲಲಿಲ್ಲ.

ಈಗ ನಿಮ್ಮ ಮುಂದಿರುವ ಸಹಿಯ ವಿಷಯ. ಆ ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ ಪರಿಹಾರ, ಮುಂದೆ ಯಾವ ಕ್ಲೇಮ್ ಇಲ್ಲ" ಅನ್ನುವ ಸಾಲು ಇದೆಯೇ ನೋಡಿ. ಇದ್ದರೆ ಹೊಡೆದುಹಾಕಿಸಿ. ಒಪ್ಪದಿದ್ದರೆ, "ಆಕ್ಷೇಪದೊಂದಿಗೆ, ನನ್ನ ಹಕ್ಕು ಕಾಯ್ದುಕೊಂಡು" ಎಂದು ಸಹಿಯ ಪಕ್ಕ ಬರೆದು ಫೋಟೊ ತೆಗೆಯಿರಿ, ಅದೇ ದಿನ ಇಮೇಲ್ ಹಾಕಿ. ಪೊಸೆಷನ್ ತಗೊಂಡ, ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ತಡದ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಅಂತಲೂ ಬೇಗೂರಿನ ಆ ತೀರ್ಪಿನಲ್ಲೇ ಇದೆ. ಆದರೆ ಕ್ಲೇಮ್ ಇಲ್ಲ ಎಂದು ನೀವೇ ಬರೆದುಕೊಟ್ಟರೆ ಅದನ್ನು ಅಲ್ಲಗಳೆಯುವುದು ಕಷ್ಟದ ಕೆಲಸ.

ಒಸಿ ಬಂದಿದೆಯೇ ಅಂತಲೂ ಕೇಳಿ. "ಒಳಗಿನ ಕೆಲಸಕ್ಕೆ ಕೀ ಕೊಡ್ತೀವಿ" ಅನ್ನುವ ಫಿಟ್-ಔಟ್ ಪತ್ರವನ್ನೇ ಆಮೇಲೆ ಪೊಸೆಷನ್ ಎಂದು ತೋರಿಸಿ ತಡದ ಎಣಿಕೆ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಜನವರಿಯಲ್ಲೇ ಅಂಥ ಪತ್ರ ಬಂದಿತ್ತು. ಒಸಿ ಇಲ್ಲದೆ ಅದನ್ನು ಪೊಸೆಷನ್ ಎಂದು ಒಪ್ಪುವುದಿಲ್ಲ ಅಂತ ಬರೆದೆ, ಫೆಬ್ರವರಿ ಕೊನೆಯವರೆಗಿನ ಬಡ್ಡಿ ಉಳಿಯಿತು.

ಕೊನೆಯ ಕಂತನ್ನು ಅವಸರದಲ್ಲಿ ಪೂರ್ತಿ ಕಟ್ಟಿ ಮುಗಿಸಬೇಡಿ, ಹಾಗಂತ ಸುಮ್ಮನೆ ತಡೆಹಿಡಿಯಲೂ ಬೇಡಿ, ಆಗ ನಿಮ್ಮ ಮೇಲೆ ಬಡ್ಡಿ ಶುರುವಾಗುತ್ತದೆ. ಹೊಂದಾಣಿಕೆ ಕೇಳಿದ ಪತ್ರ ಕೈಯಲ್ಲಿರಲಿ. ಯಾಕೆಂದರೆ ಆದೇಶ ಬಂದ ಮೇಲೂ ಬಿಲ್ಡರ್ ಕೊಡದಿದ್ದರೆ ಅದು ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿ ಕಚೇರಿಯ ಮೂಲಕ ವಸೂಲಾಗಬೇಕು, ಅಲ್ಲಿ ಕಡತ ನಿಧಾನ. ನನ್ನ ಕೊನೆಯ 3 ಲಕ್ಷದ ಕಂತು ಆದೇಶದ ನಂತರ ಬಡ್ಡಿಯಲ್ಲೇ ಹೊಂದಿಕೆಯಾಯಿತು. ಉಳಿದದ್ದಕ್ಕೆ ವಸೂಲಾತಿ ಪತ್ರ ತಹಶೀಲ್ದಾರರವರೆಗೆ ಹೋದ ಮೇಲೆ ಬಿಲ್ಡರ್ ಎರಡು ಚೆಕ್ ಕೊಟ್ಟರು.

ಅಗ್ರಿಮೆಂಟ್ ದಿನಾಂಕ, ಗ್ರೇಸ್ ಕಲಂನ ಪೂರ್ತಿ ವಾಕ್ಯ ಮತ್ತು ಆ ಸಹಿ ಪತ್ರದ ಸಾಲುಗಳನ್ನು ಇಲ್ಲಿ ಹಾಕಿ, ಹೆಸರು ಅಳಿಸಿ. ಯಾವ ದಿನದಿಂದ ಎಣಿಸಬೇಕು ಅಂತ ನೋಡಿ ಹೇಳುತ್ತೇನೆ.