5 ಮತ್ತು 8ರ ಟೋಕನ್‌ನಲ್ಲಿ 27 ಕೂಡುವುದಿಲ್ಲ

"ಗದಗದಲ್ಲಿ ನಮ್ಮ ಕಾಲೇಜಿನ ತಿಂಡಿ ಮೇಳಕ್ಕೆ 5 ಮತ್ತು 8 ರೂಪಾಯಿಯ ಟೋಕನ್ ಮಾಡಿಸಿದ್ದೇವೆ. ಗಿರ್ಮಿಟ್, ಮಿರ್ಚಿ ಸೇರಿ 27 ರೂಪಾಯಿ. ಹೇಗೆ ಜೋಡಿಸಿದರೂ ಹೊಂದುತ್ತಿಲ್ಲ. ಇನ್ನೂ ದೊಡ್ಡ ಮೊತ್ತಕ್ಕೂ ಹೀಗೇ ಆಗುತ್ತಾ?"

ತೊಂದರೆ ಇರುವುದು 5ರಿಂದ ಭಾಗಿಸಿದಾಗ ಉಳಿಯುವ ಶೇಷದಲ್ಲಿ. 27ಕ್ಕೆ ಶೇಷ 2. ಅದನ್ನು 8ರ ಟೋಕನ್‌ಗಳೇ ತರಬೇಕು, 5ರವು ಶೇಷ ಬದಲಿಸುವುದಿಲ್ಲ. 8, 16, 24ಕ್ಕೆ ಶೇಷ 3, 1, 4. ಶೇಷ 2 ಮೊದಲು ಸಿಗುವುದು 32ರಲ್ಲಿ. ಅಂದರೆ 27ಕ್ಕೆ 5 ರೂಪಾಯಿ ಜಾಸ್ತಿಯೇ ಆಯ್ತು.

ಇದಕ್ಕಿಂತ ದೊಡ್ಡ ಮೊತ್ತಕ್ಕೆ ಈ ಕಾಟ ಇಲ್ಲ. ಮೊದಲು 28ರಿಂದ 32ರವರೆಗೆ ನೋಡಿ: 8+20, 24+5, ಆರು ಐದು, 16+15, ನಾಲ್ಕು ಎಂಟು. ಐದೂ ಕೂಡಿದವು ಅಲ್ವಾ? ಮುಂದಿನದಕ್ಕೆಲ್ಲ ಇವಕ್ಕೇ 5ರ ಟೋಕನ್ ಸೇರಿಸುತ್ತಾ ಹೋದರೆ ಸಾಕು.

ಬೇರೆ ಬೆಲೆಯ ಟೋಕನ್ ಆದರೆ ಎರಡನ್ನೂ ಗುಣಿಸಿ, ಅದರಿಂದ ಎರಡನ್ನೂ ಕಳೆಯಿರಿ, ಕೂಡದ ಮೊತ್ತಗಳಲ್ಲಿ ಅತಿ ದೊಡ್ಡದು ಸಿಗುತ್ತದೆ. ಇಲ್ಲಿ 40−5−8=27. ಆದರೆ ಎರಡಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು. 6 ಮತ್ತು 8 ಇಟ್ಟರೆ ಬೆಸ ಮೊತ್ತ ಯಾವತ್ತೂ ಕೂಡುವುದಿಲ್ಲ.

ನಿಮ್ಮ ಕೌಂಟರ್‌ನಲ್ಲಿ ಟೋಕನ್ ವಾಪಸ್ ಕೊಡ್ತಾರೋ ಇಲ್ವೋ ಗೊತ್ತಿಲ್ಲ. ಕೊಡುವುದಾದರೆ ಏಳು ಐದು ಕೊಟ್ಟು ಒಂದು ಎಂಟು ವಾಪಸ್ ತಗೊಳ್ಳಿ. ಇಲ್ಲದಿದ್ದರೆ ಸುಮ್ನೆ ಬೆಲೆಯನ್ನು 26 ಮಾಡಿ, ಎರಡು ಐದು, ಎರಡು ಎಂಟು.