1990ಕ್ಕಿಂತ ಹಿಂದಿನ ಹೊಗೆಯ ಹೊಣೆ

“ಹವಾಮಾನಕ್ಕಾಗುವ ಹಾನಿಯ ಅರಿವೇ ಇಲ್ಲದ ಕಾಲದಲ್ಲಿ ಬ್ರಿಟನ್, ಅಮೆರಿಕಗಳು ಕಲ್ಲಿದ್ದಲು ಸುಟ್ಟವು. ಅದಕ್ಕೆ ಇಂದಿನವರು ಹೊಣೆಯೇ? ಪ್ರಬಂಧದಲ್ಲಿ ಈ ಆಕ್ಷೇಪವನ್ನು ಹೇಗೆ ಎದುರಿಸಲಿ?”

ಈ ಆಕ್ಷೇಪವು ಅಪರಾಧವನ್ನು ಅಲ್ಲಗಳೆಯುತ್ತದೆಯೇ ಹೊರತು ಬಾಧ್ಯತೆಯನ್ನಲ್ಲ. ಅರಿಯದೆ ಮಾಡಿದ್ದಕ್ಕೆ ಶಿಕ್ಷೆ ಸಲ್ಲದು, ನಿಜ. ಆದರೆ ಹೊಗೆಯನ್ನು ತಾಳಿಕೊಳ್ಳಲು ವಾತಾವರಣಕ್ಕಿರುವ ಸೀಮಿತ ಅವಕಾಶದ ಬಹುಪಾಲನ್ನು ಬಳಸಿಕೊಂಡು ಕಟ್ಟಿದ ರೈಲುಮಾರ್ಗ, ಕಾರ್ಖಾನೆ, ವಿಶ್ವವಿದ್ಯಾಲಯಗಳ ಲಾಭವನ್ನು ಇಂದಿನ ಪ್ರಜೆಗಳು ಉಣ್ಣುತ್ತಿರುವಾಗ ಅದರ ವೆಚ್ಚವನ್ನು ಮಾತ್ರ ನಿರಾಕರಿಸುವುದು, ತಂದೆಯ ಆಸ್ತಿ ಬೇಕು, ಸಾಲ ಬೇಡ ಎಂದಂತೆ. ಈ ವಾದಕ್ಕೂ ಮಿತಿಯಿದೆ: ಆ ಲಾಭ ದೇಶದೊಳಗೆ ಸಮನಾಗಿ ಹಂಚಿಕೆಯಾಗಿಲ್ಲ, ಲಸಿಕೆಯಂಥ ಕೆಲವು ಫಲಗಳು ಹೊರಗಿನವರಿಗೂ ತಲುಪಿವೆ.

ಆದ್ದರಿಂದ ಅಜ್ಞಾನದ ವಾದವನ್ನು ಒಪ್ಪಿಕೊಂಡೇ ಲೆಕ್ಕ ಹಾಕಿ. ಹವಾಮಾನ ಬದಲಾವಣೆಯ ವಿಜ್ಞಾನವನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ಮೊದಲ ವರದಿ 1990ರಲ್ಲಿ ಬಂದಿತು. 1992ರ ಹವಾಮಾನ ಒಪ್ಪಂದಕ್ಕೆ ಅಮೆರಿಕವೂ ಸಹಿ ಹಾಕಿತು. ಇಂಧನ ಸುಡುವಿಕೆಯಿಂದ ಇದುವರೆಗೆ ಹೊರಬಿದ್ದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಅರ್ಧದಷ್ಟು 1990ರ ನಂತರದ್ದು. ಆ ಭಾಗಕ್ಕೆ ಅರಿವಿಲ್ಲವೆಂಬ ಸಬೂಬು ನಡೆಯದು. ಹಾಗೆ ಎಣಿಸಿದರೆ ಚೀನಾದ ಪಾಲು ಬಹಳವಾಗಿ ಏರುತ್ತದೆ. ಇದನ್ನು ಮರೆಮಾಚಬೇಡಿ, ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ತಲಾವಾರು ಎಣಿಸಿದಾಗ ಅಮೆರಿಕ ಆಗಲೂ ಚೀನಾಕ್ಕಿಂತ ಬಹಳ ಮುಂದಿದೆ, ಭಾರತ ಬಹಳ ಹಿಂದಿದೆ.

ಶ್ರೀಮಂತ ದೇಶಗಳು ನೈತಿಕ ಹೊಣೆಗಿಂತ ಕಾನೂನಿನ ಹೊಣೆಗೇ ಹೆಚ್ಚು ಅಂಜುತ್ತವೆ ಎಂಬುದಕ್ಕೆ ಒಂದು ಸಾಕ್ಷ್ಯ ಸೇರಿಸಿ: ಹವಾಮಾನ ಬದಲಾವಣೆಯಿಂದಾಗುವ ನಷ್ಟ ಮತ್ತು ಹಾನಿಯ ಕುರಿತ ಪ್ಯಾರಿಸ್ ಒಪ್ಪಂದದ 8ನೇ ವಿಧಿಯು ಪರಿಹಾರಕ್ಕೆ ಆಧಾರವಾಗದು ಎಂದು, ಆ ಒಪ್ಪಂದವನ್ನು ಅಂಗೀಕರಿಸಿದ 2015ರ ನಿರ್ಣಯದ 51ನೇ ಪರಿಚ್ಛೇದದಲ್ಲಿ ಬರೆಯಲಾಯಿತು.